ಏಪ್ರಿಲ್‌ನಿಂದ ಬರಬೇಕಿದ್ದ ಬಡ್ಡಿ

ಆಸ್ಪತ್ರೆಯ ನೆಲಮಹಡಿಯಲ್ಲಿ, ಎಕ್ಸ್‌ರೇ ಕೋಣೆಯ ಪಕ್ಕದ ಸಣ್ಣ ಕೋಣೆಯಲ್ಲಿ ಕೂತು ವರ್ಷಾನುಗಟ್ಟಲೆ ಜನರ ರಕ್ತ ತೆಗೆದವಳಿಗೆ ಬೇರೆ ಯಾವ ಹೆಸರು ತಾನೇ ಬಂದೀತು? ಎಲ್ಲರೂ ಸೂಜಿಯಕ್ಕ ಅಂತಲೇ ಕರೆದರು. ಮೊದಮೊದಲು ಆ ಹೆಸರು ಕೇಳಿದರೆ ಸಿಟ್ಟಾಗುತ್ತಿದ್ದಳು, ಆಮೇಲೆ ಫೋನ್ ಎತ್ತಿದರೆ ತಾನೇ ‘ಸೂಜಿಯಕ್ಕ ಮಾತಾಡ್ತಿರೋದು’ ಅನ್ನುವಷ್ಟು ರೂಢಿಯಾಯಿತು.

ಕೈ ಮಾತ್ರ ಬಂಗಾರದ್ದು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ರಕ್ತ ತೆಗೆಯುತ್ತಿದ್ದಳು. ಮೂರು ಕಡೆ ಚುಚ್ಚಿಸಿಕೊಂಡು ಅಳುತ್ತಾ ಬಂದ ಮುದುಕಿಯರು ಅವಳ ಮುಂದೆ ತೋಳು ಚಾಚಿ, ‘ಆಯ್ತಾ? ಇಷ್ಟೇನಾ?’ ಅಂತ ಕೇಳಿ ಎದ್ದು ಹೋಗುತ್ತಿದ್ದರು. ಆದರೆ ನಾಲಿಗೆ ಕೈಯಷ್ಟು ಮೆತ್ತಗಿರಲಿಲ್ಲ. ವಾರ್ಡಿನಿಂದ ನರ್ಸ್ ಚೀಟಿ ಹಿಡಿದು ರೋಗಿಯನ್ನು ಕರೆತಂದು ‘ಇವರೇ ಅಕ್ಕ, ನಾನು ನೋಡಿದ್ದೀನಿ’ ಅಂದರೆ, ‘ನೀನು ನೋಡಿದ್ದು ನಿನ್ನ ಹತ್ರ ಇಟ್ಕೋ’ ಅನ್ನುತ್ತಿದ್ದಳು. ರೋಗಿಯ ಹೆಸರನ್ನು ರೋಗಿಯ ಬಾಯಿಂದಲೇ ಕೇಳಬೇಕು, ರಕ್ತ ಒಳಗೆ ಬಿದ್ದ ಮೇಲೆಯೇ ಸೀಸೆಗೆ ಚೀಟಿ ಅಂಟಿಸಬೇಕು, ಯಾರು ಹೇಳಿದ್ದನ್ನೂ ಹಾಗೇ ನಂಬಬಾರದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಬ್ಬರ ಸೀಸೆ ಅದಲುಬದಲಾಗಿ ಏನೇನೋ ರಾದ್ಧಾಂತವಾದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅಂದಿನಿಂದ ನಂಬದಿರುವುದು ಅವಳ ಕಸುಬಿನ ಅರ್ಧ ಭಾಗವಾಯಿತು. ಕಸುಬಿನ ಬುದ್ಧಿಯನ್ನು ಆಸ್ಪತ್ರೆಯಲ್ಲೇ ಬಿಟ್ಟು ಮನೆಗೆ ಬರುವವರು ಎಷ್ಟು ಜನ ಇದ್ದಾರು? ಅವಳೂ ಬಿಡಲಿಲ್ಲ.

ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು. ಎರಡು ಬಸ್ ನಿಲ್ದಾಣದಾಚೆ, ಅಂಗಡಿ ಸಾಲಿನ ಮೇಲಿನ ಮನೆಯಲ್ಲಿ ಗಂಡನ ಜೊತೆ ಇದ್ದಳು. ಅಳಿಯ ಒಂದು ಸಣ್ಣ ಆಫೀಸಿನಲ್ಲಿ ಕೂತು ಅಂಗಡಿಯವರ, ಡಾಕ್ಟರುಗಳ ಆದಾಯ ತೆರಿಗೆಯ ಲೆಕ್ಕ ಬರೆಯುವವನು. ಮಾತು ಕಡಿಮೆ. ಊಟಕ್ಕೆ ಕೂತರೆ ಅನ್ನ ಕೇಳಲೂ ಬಾಯಿ ಬಿಡದೆ ತಟ್ಟೆಯನ್ನು ಒಂದಿಷ್ಟು ಮುಂದೆ ತಳ್ಳುವ ಜಾತಿ. ಹತ್ತು ಮಾತಾಡುವ ಅತ್ತೆಗೆ ಮಾತೇ ಆಡದ ಅಳಿಯ ಸಿಕ್ಕರೆ ಏನಾಗುತ್ತದೋ ಅದೇ ಆಯಿತು. ಆಡದ ಮಾತನ್ನೆಲ್ಲ ಅವಳು ತಾನೇ ಊಹಿಸಿಕೊಂಡಳು, ಊಹಿಸಿಕೊಂಡದ್ದು ಯಾವುದೂ ಒಳ್ಳೆಯದಾಗಿರಲಿಲ್ಲ. ಆದರೂ ಭಾನುವಾರದ ಊಟ ಮಗಳ ಮನೆಯಲ್ಲೇ. ಅವಳ ವಾರವೆಲ್ಲ ಆ ಒಂದು ಊಟದ ಕಡೆಗೇ ನಡೆಯುತ್ತಿತ್ತು.

ಅವಳು ನಿವೃತ್ತಳಾದಾಗ ಆಸ್ಪತ್ರೆಯವರು ಒಂದು ಇಡಿಗಂಟು ಕೊಟ್ಟರು. ಕೊಡುವಾಗ ಲೆಕ್ಕದ ವಿಭಾಗದವರು, ತೆರಿಗೆ ಬೀಳದ ಭಾಗದ ಮೇಲೂ ಸೇರಿಸಿ ತೆರಿಗೆ ಹಿಡಿದುಬಿಟ್ಟರು. ಹೆಚ್ಚಿಗೆ ಹಿಡಿದದ್ದು ವರ್ಷದ ಲೆಕ್ಕ ಸಲ್ಲಿಸಿದರೆ ವಾಪಸು ಬರುತ್ತದೆ, ಒಂದು ಲಕ್ಷದ ಇಪ್ಪತ್ತು ಸಾವಿರದ ಆಸುಪಾಸು ಅಂತ ಅಳಿಯ ಹೇಳಿದ್ದ. ಜುಲೈ ಮಧ್ಯದಲ್ಲಿ ಲೆಕ್ಕ ಸಲ್ಲಿಸಿದ ಚೀಟಿಯನ್ನೂ ತಂದು ಕೊಟ್ಟಿದ್ದ. ಗಡುವು ಜುಲೈ ಕೊನೆಯವರೆಗೆ ಇತ್ತು.

ಮುಂದಿನ ಮಾರ್ಚಿನಲ್ಲಿ ದುಡ್ಡು ಬಂತು. ನೇರ ಅವಳ ಖಾತೆಗೇ ಬಂತು. ಒಂದು ಲಕ್ಷದ ಇಪ್ಪತ್ತಮೂರು ಸಾವಿರ. ಸೂಜಿಯಕ್ಕನಿಗೆ ಖುಷಿಯೋ ಖುಷಿ. ಆ ಖುಷಿ ಸಂಜೆಯವರೆಗೂ ಇತ್ತು. ಸಂಜೆ ಪಕ್ಕದ ಮನೆಯ ಕ್ಯಾಶಿಯರ್ ಬಂದು ಕೂತ.

ಈ ಕ್ಯಾಶಿಯರ್ ಬ್ಯಾಂಕಿನಿಂದ ನಿವೃತ್ತನಾಗಿ ವರ್ಷಗಳೇ ಆಗಿದ್ದರೂ ಬೆರಳಿಗೆ ಇನ್ನೂ ನಿವೃತ್ತಿ ಸಿಕ್ಕಿರಲಿಲ್ಲ. ಏನು ಕಂಡರೂ ಎಣಿಸುತ್ತಿದ್ದ. ತೆರಿಗೆ ಇಲಾಖೆಯವರು ಕಳಿಸಿದ ಲೆಕ್ಕದ ಹಾಳೆಯನ್ನು ಮಗಳು ಮುದ್ರಿಸಿ ಕಳಿಸಿದ್ದಳು. ಅದರ ಕೊನೆಯ ಸಾಲಿಗೆ ಅವನು ನೇರ ಇಳಿದ. ವಾಪಸಿನ ಮೊತ್ತ ಒಂದು ಲಕ್ಷ ಇಪ್ಪತ್ತು ಸಾವಿರ, ಬಡ್ಡಿ ಮೂರು ಸಾವಿರ. ಅವನು ತುಟಿಯಲ್ಲೇ ಎಣಿಸಿದ. ಹೀಗೆ ವಾಪಸು ಕೊಡುವ ದುಡ್ಡಿಗೆ ಸರ್ಕಾರ ತಿಂಗಳಿಗೆ ನೂರಕ್ಕೆ ಅರ್ಧದಂತೆ ಬಡ್ಡಿ ಕೊಡಬೇಕು, ಚಕ್ರಬಡ್ಡಿ ಅಲ್ಲ, ಸರಳಬಡ್ಡಿ, ತಿಂಗಳ ಚೂರನ್ನೂ ಇಡೀ ತಿಂಗಳೆಂದೇ ಹಿಡಿಯುತ್ತಾರೆ ಅಂತ ಅವನು ಬಿಡಿಸಿ ಹೇಳಿದ. ಲೆಕ್ಕ ಗಡುವಿನೊಳಗೆ ಕೊಟ್ಟಿದ್ದರೆ ಏಪ್ರಿಲ್ ಒಂದರಿಂದಲೇ ಬಡ್ಡಿ ಶುರು. ಏಪ್ರಿಲ್‌ನಿಂದ ಮಾರ್ಚಿನವರೆಗೆ ಹನ್ನೆರಡು ತಿಂಗಳು. ತಿಂಗಳಿಗೆ ಆರುನೂರರ ಹಾಗೆ ಏಳು ಸಾವಿರದ ಇನ್ನೂರು.

‘ನಿಮಗೆ ಬಂದಿರೋದು ಮೂರು. ಐದೇ ತಿಂಗಳದ್ದು ಅಕ್ಕ,’ ಅಂದ. ‘ಏಳು ತಿಂಗಳು ಎಲ್ಲಿ ಹೋಯ್ತು?’

ಅವನು ಎದ್ದು ಮನೆಗೆ ಹೋದ. ಏಳು ತಿಂಗಳು ಸೂಜಿಯಕ್ಕನ ತಲೆಯಲ್ಲಿ ಉಳಿದುಕೊಂಡಿತು.

ಕೇಳಿದವರೆಲ್ಲ ಒಂದೊಂದು ಹೇಳಿದರು. ಬಡ್ಡಿಯ ಮೇಲೂ ತೆರಿಗೆ ಹಿಡಿದುಕೊಂಡಿರಬೇಕು ಅಂದಳು ಆಸ್ಪತ್ರೆಯ ಹಳೆಯ ಗೆಳತಿ. ಬಡ್ಡಿ ನಿಮ್ಮ ಮುಂದಿನ ವರ್ಷದ ಆದಾಯಕ್ಕೆ ಸೇರುತ್ತದೆ ನಿಜ, ಆದರೆ ಇಲ್ಲಿ ಹಿಡಿದಿಲ್ಲ ಅಂದ ಕ್ಯಾಶಿಯರ್. ಔಷಧಿ ಅಂಗಡಿಯವನು ಆಮೇಲೆ ಉಳಿದದ್ದು ತಾನಾಗಿಯೇ ಬರುತ್ತೆ ಬಿಡಿ ಅಂದ, ಅವನಿಗೆ ಏನೂ ಗೊತ್ತಿರಲಿಲ್ಲ. ಅವಳು ಹಾಳೆಯನ್ನು ಕನ್ನಡಕ ಹಾಕಿ ಓದಿದಳು, ಕನ್ನಡಕ ತೆಗೆದು ಓದಿದಳು. ತಲೆಬುಡ ಅರ್ಥವಾಗಲಿಲ್ಲ. ಒಂದರ ಕೆಳಗೊಂದು ಎಷ್ಟು ಸಾಲು! ಎರಡು ಕಾಲಂ, ಒಂದರಲ್ಲಿ ತಾನು ಹೇಳಿದ್ದು, ಇನ್ನೊಂದರಲ್ಲಿ ಅವರು ಒಪ್ಪಿದ್ದು. ಯಾವ ಸಾಲು ಯಾವುದರಿಂದ ಕಳೆಯುತ್ತದೆ, ಯಾವುದಕ್ಕೆ ಕೂಡುತ್ತದೆ ಅನ್ನುವುದು ದೇವರಿಗೇ ಪ್ರೀತಿ. ಮನುಷ್ಯನ ಮೈಯಲ್ಲಿ ನರ ಎಲ್ಲಿ ಅಡಗಿದ್ದರೂ ಹುಡುಕುತ್ತಿದ್ದವಳಿಗೆ ಈ ಹಾಳೆಯಲ್ಲಿ ನಾಡಿಯೇ ಸಿಗಲಿಲ್ಲ.

ಅಳಿಯನನ್ನು ಕೇಳಿದಳು. ಅದು ಭಾನುವಾರ, ಊಟದ ಹೊತ್ತು. ಬಡ್ಡಿ ಯಾಕೆ ಕಡಿಮೆ ಬಂದಿದೆ ಅಂದಳು. ಅಳಿಯ ತಟ್ಟೆ ನೋಡಿದ. ಹೆಂಡತಿಯ ಕಡೆ ನೋಡಿದ. ‘ಅವರ ಲೆಕ್ಕ ಸರಿಯಾಗೇ ಇದೆ ಅತ್ತೆ. ಬಿಟ್ಬಿಡಿ,’ ಅಂದ. ಅಷ್ಟೇ. ಎದ್ದು ಕೈ ತೊಳೆದ.

ಬಿಟ್ಬಿಡಿ ಅಂದರೆ ಬಿಡುವವಳೇ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಅವಳಿಗೆ ಕಣ್ಣೆದುರೇ ಕಂಡ ಹಾಗಾಯಿತು. ಮಾರನೆಯ ದಿನವೇ ಕ್ಯಾಶಿಯರನ ಜೊತೆ ಸೈಬರ್ ಅಂಗಡಿಗೆ ಹೋದಳು. ಇಲಾಖೆಯ ಜಾಲತಾಣದಲ್ಲಿ ಲೆಕ್ಕ ತಿದ್ದುವಂತೆ ಕೋರುವ ಅರ್ಜಿಯೊಂದಿದೆ, ಬಡ್ಡಿಯನ್ನು ಮತ್ತೆ ಎಣಿಸಿ ಅಂತ ಅದರಲ್ಲಿ ಕೇಳಬಹುದು. ಅಂಗಡಿಯ ಹುಡುಗಿ ಪಾಸ್‌ವರ್ಡ್ ಹೇಳಿ ಅಂದಾಗ ಅವಳನ್ನು ಕುರ್ಚಿಯಿಂದ ಎಬ್ಬಿಸಿ ತಾನೇ ಕೂತು ಒಂದೊಂದೇ ಅಕ್ಷರ ಒತ್ತಿದಳು. ಅರ್ಜಿ ಹೋಯಿತು. ಕೆಲವು ವಾರ ಕಳೆದು ಉತ್ತರ ಬಂತು. ಲೆಕ್ಕದಲ್ಲಿ ಮೇಲ್ನೋಟಕ್ಕೆ ಕಾಣುವ ತಪ್ಪು ಯಾವುದೂ ಇಲ್ಲ, ಬಡ್ಡಿ ಮೊದಲಿನಷ್ಟೇ.

ಕ್ಯಾಶಿಯರನೂ ಗೊಂದಲಕ್ಕೆ ಬಿದ್ದ. ಇಲಾಖೆ ಎರಡು ಸಲ ಅದನ್ನೇ ಹೇಳಿದರೆ ಲೆಕ್ಕ ಸಲ್ಲಿಕೆಯಾದ ದಿನವೇ ತಡವಿರಬೇಕು ಅಂದ. ಆದರೆ ಚೀಟಿಯಲ್ಲಿ ಜುಲೈ ಅಂತ ಇದೆಯಲ್ಲ! ಇಬ್ಬರೂ ಚೀಟಿಯನ್ನು ಬೆಳಕಿಗೆ ಹಿಡಿದರು. ಜುಲೈ ಜುಲೈಯಾಗಿಯೇ ಇತ್ತು. ಆಗ ಸೂಜಿಯಕ್ಕನ ತಲೆಗೆ ಒಂದು ಯೋಚನೆ ಬಂತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ, ಕಾಮಾಲೆಯವರ ರಕ್ತವನ್ನು ಅಷ್ಟು ತೆಗೆದವಳಿಗೆ ತನ್ನ ಕಣ್ಣಿನ ಬಣ್ಣ ಕಾಣಲಿಲ್ಲ. ಸಂಜೆ ಮಗಳಿಗೆ ಫೋನ್ ಮಾಡಿದಳು. ದುಡ್ಡು ಕೊಡುವ ಗಿರಾಕಿಗಳ ಲೆಕ್ಕ ಮೊದಲು ಮುಗಿಸಿ, ಬಿಟ್ಟಿ ಸಿಕ್ಕ ಅತ್ತೆಯ ಲೆಕ್ಕವನ್ನು ನಿನ್ನ ಗಂಡ ಕೊನೆಗೆ ತಳ್ಳಿದ್ದಾನೆ, ನನ್ನ ಬಾಯಿ ಮುಚ್ಚಿಸಲು ಜುಲೈ ಅಂತ ಸುಳ್ಳು ಚೀಟಿ ಮಾಡಿ ಕೊಟ್ಟಿದ್ದಾನೆ ಅಂದಳು.



‘ಅಮ್ಮ, ನಾಲ್ಕು ಸಾವಿರಕ್ಕೆ ನನ್ನ ಗಂಡನ್ನ ಕಳ್ಳ ಮಾಡ್ತಿದ್ದೀಯ,’ ಅಂದಳು ಮಗಳು. ‘ಅವರು ಹಾಗೆ ಮಾಡಿದ್ರೆ ನಾನು ಅವರ ಜೊತೆ ಹೇಗೆ ಇರ್ಲಿ? ಮಾಡಿಲ್ಲ ಅಂದ್ರೆ ನಿನ್ನ ಜೊತೆ ಹೇಗೆ ಇರ್ಲಿ? ಗೊತ್ತಾಗೋ ತನಕ ಭಾನುವಾರ ಬರಬೇಡ.’

ಅಲ್ಲಿಗೆ ನಾಲ್ಕು ಸಾವಿರದ ಇನ್ನೂರರ ಪ್ರಶ್ನೆ ಮುಗಿದು ಬೇರೆ ಪ್ರಶ್ನೆ ಶುರುವಾಯಿತು. ಎರಡು ಭಾನುವಾರ ಅವಳು ಒಬ್ಬಳೇ ಉಂಡಳು. ಹಟ ಬೇರೆ, ಹಸಿವು ಬೇರೆ. ಅಳಿಯ ಸುಳ್ಳನಾಗಿರಲಿ ಅಂತ ಒಂದು ಮನಸ್ಸು ಬಯಸಿತು, ಇಲ್ಲದಿದ್ದರೆ ತಾನು ಮಗಳ ಮುಖ ನೋಡುವುದು ಹೇಗೆ? ಮರುಕ್ಷಣವೇ ಮಗಳ ಸಂಸಾರ ನೆನೆದು ಅಯ್ಯೋ ಅವನು ಸುಳ್ಳನಾಗದೆ ಇರಲಪ್ಪ ಅಂತ ಬೇಡಿಕೊಂಡಳು. ಯಾವುದನ್ನು ಬೇಡಬೇಕೆಂದೇ ತಿಳಿಯದೆ ಒದ್ದಾಡಿದಳು. ಕೊನೆಗೆ, ರೋಗಿಯ ಬಾಯಿಂದಲೇ ಕೇಳುತ್ತೇನೆ ಅಂತ ಹಾಳೆ, ಚೀಟಿ, ಉತ್ತರ ಎಲ್ಲ ಚೀಲಕ್ಕೆ ಹಾಕಿಕೊಂಡು ತೆರಿಗೆ ಕಚೇರಿಗೆ ಹೊರಟಳು.

ಕಚೇರಿಯ ಕೆಳಗಿನ ಹಾಲಿನಲ್ಲಿ ವಿಚಾರಣೆಯ ಕೌಂಟರ್ ಇತ್ತು. ಗೋಡೆಗೆ ತಾಗಿಸಿಟ್ಟಿದ್ದ ಪ್ಲಾಸ್ಟಿಕ್ ಕುರ್ಚಿಗಳು, ಟೋಕನ್ ನಂಬರು, ಓಡದ ಒಂದು ಫ್ಯಾನು. ಆಸ್ಪತ್ರೆಯ ಹಾಗೇ ಇದೆ ಅನ್ನಿಸಿ ಅವಳಿಗೆ ಸ್ವಲ್ಪ ಧೈರ್ಯ ಬಂತು. ಕೌಂಟರಿನ ಹಿಂದೆ ಮಗಳ ವಯಸ್ಸಿನ ಅಧಿಕಾರಿಯೊಬ್ಬಳು ಕೂತಿದ್ದಳು. ಸೂಜಿಯಕ್ಕ ಕೂತವಳೇ ಆರುನೂರು, ಏಳು ತಿಂಗಳು, ಜುಲೈ ಎಲ್ಲ ಒಂದೇ ಉಸಿರಿಗೆ ಸುರಿದಳು. ಅಧಿಕಾರಿ ಅಡ್ಡ ಬಾಯಿ ಹಾಕದೆ ಕೇಳಿದಳು. ಆಮೇಲೆ ಗುರುತಿನ ಚೀಟಿ ಪಡೆದು ಕಂಪ್ಯೂಟರಿನಲ್ಲಿ ತೆಗೆದು ನೋಡಿದಳು.

ಚೀಟಿ ಸುಳ್ಳಾ ಅಂತ ಸೂಜಿಯಕ್ಕ ಮೊದಲು ಕೇಳಿದಳು.

ಚೀಟಿ ಅಪ್ಪಟ ನಿಜ ಅಂದಳು ಅಧಿಕಾರಿ. ಲೆಕ್ಕ ಜುಲೈಯಲ್ಲೇ ಬಂದಿದೆ.

ಹಾಗಾದರೆ ಬಡ್ಡಿ? ಸೂಜಿಯಕ್ಕನಿಗೆ ಗೆದ್ದ ಹಾಗೂ ಆಯಿತು, ಸೋತ ಹಾಗೂ ಆಯಿತು. ಅಧಿಕಾರಿ ಪರದೆಯನ್ನು ಅವಳ ಕಡೆ ತಿರುಗಿಸಿದಳು.

‘ಅಮ್ಮಾ, ಲೆಕ್ಕ ಕಳಿಸೋದು ಅರ್ಧ ಕೆಲಸ. ಕಳಿಸಿದ ಮೂವತ್ತು ದಿನದೊಳಗೆ, ಇದು ನಾನೇ ಕೊಟ್ಟಿದ್ದು ಅಂತ ನೀವು ಖಾತ್ರಿ ಮಾಡ್ಬೇಕು. ಫೋನಿಗೆ ಬರೋ ಆರಂಕಿ ನಂಬರಿಂದ ಮಾಡ್ಬಹುದು, ಇಲ್ಲಾಂದ್ರೆ ಕಾಗದಕ್ಕೆ ಸಹಿ ಹಾಕಿ ಅಂಚೇಲಿ ಕಳಿಸ್ಬಹುದು. ನಿಮ್ಮ ಸಹಿ ಕಾಗದ ನಮಗೆ ತಲುಪಿದ್ದು ನವೆಂಬರ್ ಮೂರಕ್ಕೆ. ಮೂವತ್ತು ದಿನ ದಾಟಿದ್ರೆ, ಖಾತ್ರಿಯಾದ ದಿನವೇ ಲೆಕ್ಕ ಕೊಟ್ಟ ದಿನ. ಗಡುವು ಮೀರಿ ಕೊಟ್ಟ ಲೆಕ್ಕಕ್ಕೆ ಬಡ್ಡಿ ಏಪ್ರಿಲ್‌ನಿಂದ ಬರಲ್ಲ, ಕೊಟ್ಟ ದಿನದಿಂದ ಬರುತ್ತೆ. ನವೆಂಬರ್ ಮೂರರಿಂದ ಮಾರ್ಚಿನವರೆಗೆ ನಾಲ್ಕು ತಿಂಗಳು ಚಿಲ್ಲರೆ. ಐದು ಅಂತ ಹಿಡಿದಿದ್ದಾರೆ.’

ಅದಕ್ಕೇ ತಿದ್ದುವ ಅರ್ಜಿಗೆ ಅಂಥ ಉತ್ತರ ಬಂದದ್ದು ಅಂತಲೂ ಬಿಡಿಸಿ ಹೇಳಿದಳು. ಕೂಡಿದ್ದು ಕಳೆದದ್ದು ತಪ್ಪಿದ್ದರೆ ಆ ಅರ್ಜಿಯಿಂದ ಸರಿಹೋಗುತ್ತದೆ. ಇಲ್ಲಿ ಎಣಿಕೆ ಸರಿ, ಎಣಿಕೆ ಶುರುವಾಗುವ ದಿನವೇ ಬೇರೆ. ಅಷ್ಟು ಹೇಳಿ ಹಾಳೆಯ ನಡುವಿನ ಒಂದು ಸಾಲಿನ ಮೇಲೆ ಪೆನ್ನಿಟ್ಟಳು. ಲೆಕ್ಕ ತಡವಾಯಿತು ಅಂತ ಐದು ಸಾವಿರ ಶುಲ್ಕವೂ ಬಿದ್ದಿದೆ, ವಾಪಸಿನ ಮೊತ್ತದಲ್ಲೇ ಹಿಡಿದುಕೊಂಡಿದ್ದಾರೆ. ನಿಮಗೆ ಬರಬೇಕಾದದ್ದು ಒಂದು ಲಕ್ಷದ ಇಪ್ಪತ್ತೈದು ಸಾವಿರ ಇತ್ತು.

ನಾಲ್ಕು ಸಾವಿರ ಹುಡುಕಲು ಬಂದವಳಿಗೆ ಇನ್ನೂ ಐದು ಸಾವಿರ ಕಳೆದಿರುವುದು ಗೊತ್ತಾಯಿತು. ಬೇರೆ ದಿನವಾಗಿದ್ದರೆ ಕೌಂಟರು ಕಿತ್ತುಹೋಗುವ ಹಾಗೆ ಕೂಗುತ್ತಿದ್ದಳು. ಈಗ ಅವಳ ಕಿವಿಯಲ್ಲಿ ‘ಆರಂಕಿ ನಂಬರು’ ಅನ್ನುವುದೊಂದೇ ಉಳಿದಿತ್ತು.

ಜುಲೈಯಲ್ಲಿ ಅಳಿಯ ಆಫೀಸಿನಿಂದ ಫೋನ್ ಮಾಡಿದ್ದ. ನಿಮ್ಮ ಫೋನಿಗೆ ಒಂದು ನಂಬರು ಬರುತ್ತದೆ ಅತ್ತೆ, ಹೇಳಿ ಅಂದಿದ್ದ. ಆ ವಾರವಷ್ಟೇ ಬ್ಯಾಂಕಿನಲ್ಲಿ, ಇಂಥ ನಂಬರನ್ನು ಹೆತ್ತ ಮಗನಿಗೂ ಹೇಳಬೇಡಿ ಅಂತ ದೊಡ್ಡಕ್ಷರದಲ್ಲಿ ಬರೆದದ್ದನ್ನು ಅವಳು ಓದಿ ಬಂದಿದ್ದಳು. ಮಗನಿಗೇ ಹೇಳಬಾರದು ಅಂದಮೇಲೆ ಅಳಿಯನಿಗೆ? ಫೋನ್ ಕುಕ್ಕಿದ್ದಳು. ಅವನು ಇನ್ನೊಮ್ಮೆ ಕೇಳಿದಾಗ ನಂಬರು ಬರಲೇ ಇಲ್ಲ ಅಂದಿದ್ದಳು. ಮೂರನೆಯ ಸಲ, ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದಾಗ, ‘ನಾನು ಸತ್ತ ಮೇಲೆ ಎಲ್ಲಾ ನಿಮಗೇ ತಾನೇ, ಅಷ್ಟರವರೆಗೂ ತಡೆಯೋಕಾಗಲ್ವಾ?’ ಅಂದಿದ್ದಳು. ತಮಾಷೆಗೆ ಅಂದಂತೆ ನಕ್ಕೂ ಇದ್ದಳು. ಬೇರೆ ಯಾರೂ ನಗಲಿಲ್ಲ. ಆಮೇಲೆ ಅವನು ಆ ಮಾತೆತ್ತಲಿಲ್ಲ. ಅಕ್ಟೋಬರ್ ಕೊನೆಯಲ್ಲಿ ಒಂದು ಕಾಗದ ತಂದು, ಓದಿ ಸಹಿ ಹಾಕಿ, ನೀವೇ ಪೋಸ್ಟ್ ಮಾಡಿ ಅಂತ ಮೇಜಿನ ಮೇಲಿಟ್ಟು ಹೋಗಿದ್ದ. ಅವಳು ಎರಡು ಸಲ ಓದಿ, ತಾನೇ ಅಂಚೆ ಕಚೇರಿಗೆ ಹೋಗಿ ಹಾಕಿ ಬಂದಿದ್ದಳು. ಅದು ಇದೇ ಕಾಗದ ಅಂತ ಅವಳಿಗೆ ಹೊಳೆದೇ ಇರಲಿಲ್ಲ.

ಅವಳ ಮುಖ ಕಂಡು ಅಧಿಕಾರಿಗೆ ಪಾಪ ಅನ್ನಿಸಿರಬೇಕು. ಇನ್ನೊಂದು ದಾರಿಯಿದೆ ಅಂದಳು. ಖಾತ್ರಿ ಮಾಡಲು ಆದ ವಿಳಂಬವನ್ನು ಮನ್ನಿಸಿ ಅಂತ ಬೇರೆಯೇ ಒಂದು ಅರ್ಜಿ ಹಾಕಬಹುದು. ಒಪ್ಪಿದರೆ ಲೆಕ್ಕ ಜುಲೈಯಲ್ಲೇ ಬಂದಂತೆ ಹಿಡಿದು ಬಡ್ಡಿ, ಶುಲ್ಕ ಎರಡನ್ನೂ ಮತ್ತೆ ಎಣಿಸಿ ಅಂತ ಕೇಳಲು ದಾರಿಯಾಗುತ್ತದೆ. ಆದರೆ ಒಪ್ಪಲೇಬೇಕು ಅಂತಿಲ್ಲ. ತಡವಾದದ್ದಕ್ಕೆ ನಿಜವಾದ ಕಾರಣ ಬರೆಯಬೇಕು, ಅದರ ಮೇಲೆ ಅವರ ತೀರ್ಮಾನ. ‘ಏನು ಕಾರಣ ಆಗಿತ್ತಮ್ಮ?’ ಅಂತ ಕೇಳಿದಳು.

ಸೂಜಿಯಕ್ಕ ಕಾಗದಗಳನ್ನು ಚೀಲಕ್ಕೆ ತುಂಬಿಕೊಂಡು ಎದ್ದಳು.

ಮಗಳ ಮನೆಯ ಮೆಟ್ಟಿಲು ಹತ್ತುವಾಗ ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು. ಬಾಗಿಲು ತೆಗೆದದ್ದು ಅಳಿಯ. ಇನ್ನೂ ಆಫೀಸಿನ ಅಂಗಿಯಲ್ಲೇ ಇದ್ದ. ಮಗಳು ಅಡುಗೆಮನೆಯಿಂದ ಇಣುಕಿ, ಅಮ್ಮನನ್ನು ಕಂಡು, ಸೌಟು ಹಿಡಿದೇ ಬಾಗಿಲಲ್ಲಿ ನಿಂತಳು. ಸೂಜಿಯಕ್ಕ ಕೂರಲಿಲ್ಲ. ಕಚೇರಿಯಲ್ಲಿ ಕೇಳಿದ್ದನ್ನೆಲ್ಲ ನಿಂತೇ ಹೇಳಿದಳು, ಚೀಟಿ ನಿಜ ಅನ್ನುವುದನ್ನು ಮೊದಲು, ಐದು ಸಾವಿರದ ಶುಲ್ಕವನ್ನು ಕೊನೆಗೆ. ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ ಅಂತ ಅಳಿಯನನ್ನು ಕೇಳಿದಳು. ಕೇಳುವಾಗ ದನಿಯಲ್ಲಿ ಹಳೆಯ ಜೋರು ಸ್ವಲ್ಪ ಬಂದೇ ಬಂತು, ಏನು ಮಾಡುವುದು, ಹುಟ್ಟುಗುಣ.

ಅಳಿಯ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದ.

‘ಯಾಕೆ ತಡ ಆಯ್ತು ಅಂತ ಹೇಳೋಕೆ ಹೋದ್ರೆ, ನೀವು ನನ್ನ ನಂಬಲ್ಲ ಅಂತ ನನ್ನ ಬಾಯಿಂದಾನೇ ಹೇಳ್ಬೇಕಾಗ್ತಿತ್ತು ಅತ್ತೆ. ಇವಳ ಮುಂದೆ,’ ಅಂದ. ಕನ್ನಡಕ ಮತ್ತೆ ಹಾಕಿಕೊಂಡು, ‘ಸಹಿ ಕಾಗದ ನಾನು ಆಗಸ್ಟಲ್ಲೇ ತರಬಹುದಿತ್ತು. ತರಲಿಲ್ಲ. ನನಗೂ ಕೋಪ ಬಂದಿತ್ತು,’ ಅಂದ.

ಮದುವೆಯಾದಾಗಿನಿಂದ ಅವನು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಅವಳಿಗೆ ನಾಚಿಕೆಯಾಯಿತು, ಅಳು ಬಂತು, ಜೊತೆಗೆ ಇವನಿಗೂ ಕೋಪ ಬರುತ್ತದೆ ಅನ್ನುವುದು ಗೊತ್ತಾಗಿ ಎಲ್ಲೋ ಒಂದು ಕಡೆ ಸಮಾಧಾನವೂ ಆಯಿತು. ಮಗಳು ಮಾತ್ರ ಬಾಗಿಲು ಬಿಟ್ಟು ಅಲುಗಾಡಲಿಲ್ಲ.

ಮನ್ನಿಸುವ ಅರ್ಜಿಯ ವಿಷಯ ಹೇಳಿದಾಗ ಅಳಿಯ ತಲೆಯಾಡಿಸಿ ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲಿಟ್ಟ. ಅರ್ಜಿ ತೆರೆದ. ಕಾರಣ ಬರೆಯುವ ಜಾಗಕ್ಕೆ ಬಂದಾಗ ಅತ್ತೆಯನ್ನು ಕೇಳದೆಯೇ, ಲೆಕ್ಕ ಸಲ್ಲಿಸಿದವರ ಮರೆವಿನಿಂದ ಸಹಿ ಪತ್ರ ಕಳಿಸುವುದು ತಡವಾಯಿತು ಅಂತ ಟೈಪ್ ಮಾಡಿದ. ಸೂಜಿಯಕ್ಕ ಅವನ ಹೆಗಲ ಮೇಲಿಂದ ಬಗ್ಗಿ ಓದಿದಳು.

‘ಇದು ಸುಳ್ಳು. ಅಳಿಸಿ,’ ಅಂದಳು.

ಅವನು ಅಳಿಸಿದ.

‘ನನ್ನ ಅಳಿಯ ಗಡುವಿನೊಳಗೇ ಎಲ್ಲಾ ಮಾಡಿದ್ರು. ಮೂರು ಸಲ ನಂಬರ್ ಕೇಳಿದ್ರು. ನಾನು ಅವರನ್ನ ನಂಬಲಿಲ್ಲ, ಅದಕ್ಕೆ ತಡ ಆಯ್ತು. ಹಾಗೇ ಬರೀರಿ.’

‘ಇಂಥ ಕಾರಣಕ್ಕೆ ಅವರು ಒಪ್ಪಲಿಕ್ಕಿಲ್ಲ ಅತ್ತೆ. ಒಂಬತ್ತು ಸಾವಿರ ಹೋಗುತ್ತೆ,’ ಅಂದ.

‘ಹೋದ್ರೆ ಹೋಗ್ಲಿ. ನೀವು ಬರೀರಿ.’

ಅವನು ಬರೆಯತೊಡಗಿದ. ಮಗಳು ಸೌಟು ಕೆಳಗಿಟ್ಟು ಬಂದು, ಅಮ್ಮನಿಗೆ ಕುರ್ಚಿ ಎಳೆದು ಕೊಟ್ಟಳು.